ಕಪ್ಪಾ 0.22 ಬಂತು, ಈಗೇನು? ನಲವತ್ತು ರೋಗಿಗಳ ಕ್ಲಿನಿಕ್‌ನಲ್ಲಿ ಸಂದರ್ಶನವನ್ನು ಒರೆಗೆ ಹಚ್ಚುವಾಗ

ಹೋದ ಮಳೆಗಾಲದಲ್ಲಿ ಕಾರವಾರದ ಕ್ಲಿನಿಕ್ ಒಂದರಲ್ಲಿ ಕೆಲಸ ಮಾಡುವ ಯುವ ಸೈಕಾಲಜಿಸ್ಟ್ ಒಬ್ಬರು ಎರಡು ಹಾಳೆ ಹಿಡಿದುಕೊಂಡು ಬಂದರು. ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಒಂದು ಸಿದ್ಧ ಸಂದರ್ಶನವನ್ನು ನಮ್ಮ ಕರಾವಳಿಯ ಜನರಿಗೆ ಹೊಂದುವ ಹಾಗೆ ಕನ್ನಡಕ್ಕೆ ತಂದಿದ್ದರು. ಇಬ್ಬರು ಸಂದರ್ಶಕರು ಅದೇ ನಲವತ್ತು ರೋಗಿಗಳನ್ನು ಬೇರೆ ಬೇರೆಯಾಗಿ ಮಾತಾಡಿಸಿ, ಪ್ರತಿ ಕಾಯಿಲೆಗೂ ‘ಇದೆ’ ಅಥವಾ ‘ಇಲ್ಲ’ ಎಂದು ಬರೆದಿದ್ದರು. ಇಬ್ಬರ ಉತ್ತರ ಬರೀ ಅದೃಷ್ಟಕ್ಕಿಂತ ಎಷ್ಟು ಹೆಚ್ಚು ಹೊಂದಿದೆ ಎಂದು ಹೇಳುವ ಅಂಕಿಯೇ ಕಪ್ಪಾ; 1 ಎಂದರೆ ಪೂರ್ತಿ ಹೊಂದಾಣಿಕೆ, ಸೊನ್ನೆ ಎಂದರೆ ಬರೀ ಅದೃಷ್ಟ. ಅವರ ಗೊಂದಲ ಖಿನ್ನತೆ ಮತ್ತು ಓಸಿಡಿ ಎಂಬ ಗೀಳು ಕಾಯಿಲೆಯ ಕಪ್ಪಾಗಳ ಬಗ್ಗೆ.

“ಸರ್, ಎಲ್ಲೋ ಉಲ್ಟಾ ಆಗಿದೆ. ಖಿನ್ನತೆಯಲ್ಲಿ ಇಬ್ಬರೂ ಹೊಂದಿದ್ದು 33 ಜನರಲ್ಲಿ, ಕಪ್ಪಾ 0.65. ಓಸಿಡಿಯಲ್ಲಿ 35 ಜನರಲ್ಲಿ ಹೊಂದಿದ್ದೇವೆ, ಕಪ್ಪಾ ನೋಡಿದ್ರೆ 0.22. ಜಾಸ್ತಿ ಹೊಂದಿದ್ದಕ್ಕೆ ಕಡಿಮೆ ಅಂಕ ಬರುತ್ತಾ?”

ಬರುತ್ತದೆ. ಸಾಫ್ಟ್‌ವೇರ್ ತಪ್ಪಿಲ್ಲ. ಸಣ್ಣ ಕ್ಲಿನಿಕ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಿದ ಹೆಚ್ಚಿನವರು ಒಂದಲ್ಲ ಒಂದು ದಿನ ಇಲ್ಲೇ ನಿಲ್ಲುತ್ತಾರೆ. ಹಾಗಾಗಿ ಅವತ್ತು ನಾವಿಬ್ಬರು ಕೂತು ಮಾಡಿದ ಕೆಲಸವನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದು, ಲೆಕ್ಕವೂ ಸುಲಭವಾಗಬೇಕು ಎಂದು ಅಂಕಿಗಳನ್ನು ನಾನೇ ಬೇರೆ ಜೋಡಿಸಿದ್ದೇನೆ.

ಮೊದಲು ನಾಲ್ಕು ಮನೆಯ ಪಟ್ಟಿ

ಕಪ್ಪಾ ಅಂಕಿಯನ್ನು ಪಕ್ಕಕ್ಕಿಡಿ. ಪ್ರತಿ ಕಾಯಿಲೆಗೂ ಒಂದು ಪಟ್ಟಿ ಬರೆಯಿರಿ. ಸಂದರ್ಶಕರನ್ನು ಎ ಮತ್ತು ಬಿ ಎಂದು ಕರೆಯೋಣ.

| | ಖಿನ್ನತೆ | ಓಸಿಡಿ |
|---|---|---|
| ಇಬ್ಬರೂ ‘ಇದೆ’ | 14 | 1 |
| ಎ ‘ಇದೆ’, ಬಿ ‘ಇಲ್ಲ’ | 5 | 3 |
| ಎ ‘ಇಲ್ಲ’, ಬಿ ‘ಇದೆ’ | 2 | 2 |
| ಇಬ್ಬರೂ ‘ಇಲ್ಲ’ | 19 | 34 |

ಓಸಿಡಿಯ ಅಂಕಿಗಳನ್ನು ನಿಧಾನವಾಗಿ ನೋಡಿ. ಹೊಂದಿದ 35ರಲ್ಲಿ 34 ಬಂದಿದ್ದು ‘ಇಲ್ಲ’ ಎನ್ನುವುದರಲ್ಲಿ. ಓಸಿಡಿ ಇದೆ ಎಂದು ಇಬ್ಬರೂ ಒಪ್ಪಿದ್ದು ಒಬ್ಬನೇ ಒಬ್ಬ ರೋಗಿಯ ವಿಷಯದಲ್ಲಿ. ಕನಿಷ್ಠ ಒಬ್ಬರಾದರೂ ‘ಇದೆ’ ಎಂದ ಆರು ಜನರಲ್ಲಿ ಐವರ ಬಗ್ಗೆ ಜಗಳವಿದೆ. 0.22 ಎನ್ನುವ ಅಂಕಿಯ ಹಿಂದೆ ಇರುವುದು ಇದೇ. ಪಟ್ಟಿ ಬರೆಯದೆ ನೇರ ಕಪ್ಪಾ ಓದಿದವರಿಗೆ ಇದು ಕಾಣುವುದಿಲ್ಲ. ವರದಿಯಲ್ಲಿ ಬರೀ ಕಪ್ಪಾ ಕೊಟ್ಟು ಈ ನಾಲ್ಕು ಅಂಕಿ ಬಿಟ್ಟರೆ, ಓದುವವರಿಗೂ ಕಾಣುವುದಿಲ್ಲ.

ಕಪ್ಪಾವನ್ನು ರೋಗಿಗಳ ಲೆಕ್ಕದಲ್ಲಿ ಓದಿ

ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಸೂತ್ರ ಇದು:

```
kappa = (Po - Pe) / (1 - Pe)
```

`Po` ಎಂದರೆ ನಿಜವಾಗಿ ಹೊಂದಿದ ಪಾಲು. `Pe` ಎಂದರೆ ಸುಮ್ನೆ ಅದೃಷ್ಟದಿಂದಲೇ ಹೊಂದಬಹುದಾಗಿದ್ದ ಪಾಲು. ಶೇಕಡಾವಾರು ಬಿಟ್ಟು ತಲೆ ಎಣಿಸಿದರೆ ಇದು ಬೇಗ ತಿಳಿಯುತ್ತದೆ.

ಓಸಿಡಿಯಲ್ಲಿ ಎ 40ರಲ್ಲಿ 36 ಜನರಿಗೆ ‘ಇಲ್ಲ’ ಎಂದಿದ್ದಾರೆ, ಬಿ 37 ಜನರಿಗೆ. ಇಬ್ಬರೂ ರೋಗಿಯ ಮುಖವನ್ನೇ ನೋಡದೆ, ಇಷ್ಟೇ ‘ಇಲ್ಲ’ಗಳನ್ನು ಮನಸ್ಸಿಗೆ ಬಂದ ಹಾಗೆ ಹಂಚಿದ್ದರೂ ಎಷ್ಟು ಹೊಂದುತ್ತಿತ್ತು? ‘ಇಲ್ಲ’ದಲ್ಲಿ 36 × 37 ÷ 40 = 33.3 ಜನ. ‘ಇದೆ’ಯಲ್ಲಿ 4 × 3 ÷ 40 = 0.3 ಜನ. ಒಟ್ಟು 33.6. ಅಂದರೆ ಕೌಶಲ ತೋರಿಸಲು ಉಳಿದ ಜಾಗ 40ರಲ್ಲಿ 6.4 ಜನರದ್ದು ಮಾತ್ರ. ನಿಜವಾಗಿ ಹೊಂದಿದ್ದು 35, ಅದೃಷ್ಟಕ್ಕಿಂತ 1.4 ಜಾಸ್ತಿ. 1.4ನ್ನು 6.4ರಿಂದ ಭಾಗಿಸಿದರೆ 0.22.

ಖಿನ್ನತೆಯಲ್ಲಿ ಎ 19 ಜನರಿಗೆ ‘ಇದೆ’ ಎಂದರು, ಬಿ 16 ಜನರಿಗೆ. ಅದೃಷ್ಟದ ಪಾಲು 20.2 ಜನ. ಉಳಿದ ಜಾಗ 19.8. ನಿಜವಾಗಿ ಹೊಂದಿದ್ದು 33, ಅಂದರೆ 12.8 ಜಾಸ್ತಿ. ಭಾಗಿಸಿದರೆ 0.65.

ಅರ್ಧಕ್ಕರ್ಧ ರೋಗಿಗಳಲ್ಲಿ ಇರುವ ಕಾಯಿಲೆಯಲ್ಲಿ ಜಾಗ ದೊಡ್ಡದು, ಅಪರೂಪದ ಕಾಯಿಲೆಯಲ್ಲಿ ಚಿಕ್ಕದು. ಫೈನ್‌ಸ್ಟೈನ್ ಮತ್ತು ಚಿಚೆಟಿ 1990ರಲ್ಲಿ ಇದನ್ನೇ ಕಪ್ಪಾದ ವಿರೋಧಾಭಾಸ ಎಂದು ಬರೆದರು. ಇದರಿಂದ ಬರುವ ಒಂದು ಮುಖ್ಯ ಮಾತಿದೆ. ಕಪ್ಪಾ ಪ್ರಶ್ನಾವಳಿಯ ಸ್ವಂತ ಗುಣವಲ್ಲ. ಪ್ರಶ್ನಾವಳಿ, ಸಂದರ್ಶಕರು, ನಿಮ್ಮ ಬಾಗಿಲಿಗೆ ಬಂದ ರೋಗಿಗಳು, ಮೂರೂ ಸೇರಿ ಹುಟ್ಟುವ ಅಂಕಿ. ಇದೇ ಇಬ್ಬರು, ಇದೇ ಹಾಳೆ ಹಿಡಿದು ಶಿರಸಿಯ ಬೇರೊಂದು ಕ್ಲಿನಿಕ್‌ನಲ್ಲಿ ಕೂತರೆ ಅಂಕಿ ಬೇರೆ ಬರಬಹುದು. ಹಾಗಾಗಿ ಎರಡು ಊರಿನ ಕಪ್ಪಾವನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಎನ್ನುವ ಮುಂಚೆ, ಎರಡೂ ಕಡೆ ಆ ಕಾಯಿಲೆ ಎಷ್ಟು ಜನರಲ್ಲಿತ್ತು ಎಂದು ಕೇಳಬೇಕು.

‘ಇದೆ’ಯನ್ನೂ ‘ಇಲ್ಲ’ವನ್ನೂ ಬೇರೆ ಮಾಡಿ

ನನಗೆ ತುಂಬ ಉಪಯೋಗಕ್ಕೆ ಬಂದ ಎರಡು ಸಣ್ಣ ಅಂಕಿಗಳಿವೆ. ಒಂದು ‘ಇದೆ’ಯ ಹೊಂದಾಣಿಕೆ, ಇನ್ನೊಂದು ‘ಇಲ್ಲ’ದ ಹೊಂದಾಣಿಕೆ. ಮೊದಲನೆಯದಕ್ಕೆ ಇಬ್ಬರೂ ‘ಇದೆ’ ಎಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಎ ಮತ್ತು ಬಿ ಕೊಟ್ಟ ಒಟ್ಟು ‘ಇದೆ’ಗಳಿಂದ ಭಾಗಿಸಿ. ಓಸಿಡಿಯಲ್ಲಿ 2 ÷ 7 = 0.29. ‘ಇಲ್ಲ’ಕ್ಕೆ ಹಾಗೆಯೇ ಮಾಡಿದರೆ 68 ÷ 73 = 0.93. ಖಿನ್ನತೆಯಲ್ಲಿ ‘ಇದೆ’ 28 ÷ 35 = 0.80, ‘ಇಲ್ಲ’ 38 ÷ 45 = 0.84.

ಈಗ ಮಾತು ನೇರವಾಯಿತು. ಓಸಿಡಿ ಇಲ್ಲ ಎನ್ನುವುದರಲ್ಲಿ ಇಬ್ಬರೂ ಒಂದೇ. ಇದೆ ಎನ್ನುವುದರಲ್ಲಿ ಮಾತ್ರ ಒಬ್ಬರ ಮಾತನ್ನು ಇನ್ನೊಬ್ಬರು ಹೆಚ್ಚುಕಡಿಮೆ ಒಪ್ಪುವುದೇ ಇಲ್ಲ. ಕ್ಲಿನಿಕ್ ನಡೆಸುವ ವೈದ್ಯರಿಗೆ ಬೇಕಾಗಿದ್ದು ಈ ಮಾತು.

ಇಲ್ಲಿ ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಕಪ್ಪಾ ಕಡಿಮೆ ಬಂದ ಕೂಡಲೇ ‘ಪಾಬಾಕ್’ ಎನ್ನುವ ಸರಿಪಡಿಸಿದ ಅಂಕಿಗೆ ಜಿಗಿಯುತ್ತಾರೆ. ಅದನ್ನು ಬರ್ಟ್ ಮತ್ತು ಸಂಗಡಿಗರು 1993ರಲ್ಲಿ ಕೊಟ್ಟರು. ಎರಡೇ ಉತ್ತರಗಳಿರುವಾಗ ಅದು `2*Po - 1`, ಅಷ್ಟೇ. ಓಸಿಡಿಗೆ 0.75, ಖಿನ್ನತೆಗೆ 0.65. ಅಂದರೆ ಆರರಲ್ಲಿ ಐದು ರೋಗಿಗಳ ಬಗ್ಗೆ ಜಗಳವಿರುವ ವಿಭಾಗ, ಚೆನ್ನಾಗಿ ನಡೆದ ವಿಭಾಗಕ್ಕಿಂತ ಮೇಲೆ ಬಂತು! ಬೇಕಿದ್ದರೆ ಪಕ್ಕದಲ್ಲಿ ಬರೆಯಿರಿ, ಆದರೆ ಕಪ್ಪಾದ ಜಾಗದಲ್ಲಿ ಇದನ್ನು ಕೂರಿಸಬೇಡಿ ಎಂದೇ ನಾನು ಹೇಳುತ್ತೇನೆ.

ಒಬ್ಬ ರೋಗಿಯನ್ನು ಕದಲಿಸಿ ನೋಡಿ

ಇದು ಐದು ನಿಮಿಷದ ಕೆಲಸ. ಸಣ್ಣ ಸ್ಯಾಂಪಲ್‌ನಲ್ಲಿ ಇದನ್ನು ಮಾಡದೆ ಯಾರೂ ಕಪ್ಪಾ ಓದಬಾರದು ಎಂಬುದು ನನ್ನ ಅಭಿಪ್ರಾಯ.

ಓಸಿಡಿಯಲ್ಲಿ ಎ ‘ಇದೆ’ ಎಂದು ಬಿ ‘ಇಲ್ಲ’ ಎಂದ ಮೂವರಲ್ಲಿ ಒಬ್ಬರಿಗೆ ಬಿ ಕೂಡ ‘ಇದೆ’ ಎಂದಿದ್ದರು ಎಂದುಕೊಳ್ಳಿ. ಕಪ್ಪಾ 0.22ರಿಂದ 0.44ಕ್ಕೆ ಹಾರುತ್ತದೆ. ಈಗ ಇನ್ನೊಂದು ಕಡೆಗೆ ತಿರುಗಿಸಿ. ಇಬ್ಬರೂ ಒಪ್ಪಿದ ಆ ಒಬ್ಬನೇ ರೋಗಿಗೆ ಬಿ ‘ಇಲ್ಲ’ ಎಂದಿದ್ದರೆ ಕಪ್ಪಾ −0.07, ಸೊನ್ನೆಗಿಂತ ಕೆಳಗೆ. ಒಬ್ಬ ರೋಗಿ ಅವತ್ತು ಬೆಳಿಗ್ಗೆ ಬಸ್ ತಪ್ಪಿಸಿಕೊಂಡು ಸುಸ್ತಾಗಿ ಬಂದು ಒಂದು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದರೆ ಸಾಕಿತ್ತು.

ಖಿನ್ನತೆಯಲ್ಲಿ ಹೀಗೆಯೇ ಒಬ್ಬರನ್ನು ಆಚೀಚೆ ಮಾಡಿದರೆ ಕಪ್ಪಾ 0.60 ಮತ್ತು 0.70ರ ನಡುವೆ ಓಡಾಡುತ್ತದೆ, ಅಷ್ಟೇ. ಅದು ನಿಂತ ಅಂಕಿ. ಓಸಿಡಿಯದು ಇನ್ನೂ ನಿಂತಿಲ್ಲ.

ಇದನ್ನೇ ಶಾಸ್ತ್ರೀಯವಾಗಿ ಹೇಳುವುದು ಶೇಕಡಾ 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಕಪ್ಪಾ ಇರಬಹುದಾದ ಹರವು. ಸರಳ ಸೂತ್ರದಲ್ಲಿ ಖಿನ್ನತೆಗೆ ಅದು 0.41ರಿಂದ 0.88. ಓಸಿಡಿಗೆ −0.42ರಿಂದ 0.86. ಓಸಿಡಿಯ ಹರವು ‘ಪೂರಾ ಕೆಟ್ಟದ್ದು’ ಎನ್ನುವಲ್ಲಿಂದ ‘ತುಂಬ ಚೆನ್ನಾಗಿದೆ’ ಎನ್ನುವವರೆಗೆ ಚಾಚಿದೆ. ಅಂದರೆ ಅಂಕಿ ಕೆಟ್ಟದ್ದು ಎಂದು ಹೇಳಲೂ ನಮ್ಮ ಹತ್ತಿರ ಸಾಕಷ್ಟು ರೋಗಿಗಳಿಲ್ಲ.

ಸರಳ ಸೂತ್ರ ಸಣ್ಣ ಸ್ಯಾಂಪಲ್‌ನಲ್ಲಿ ಅಷ್ಟು ನಂಬಿಕೆಯದಲ್ಲ. ಹಾಗಾಗಿ ಬೂಟ್‌ಸ್ಟ್ರ್ಯಾಪ್ ಮಾಡಿ. ಅದೇ ನಲವತ್ತು ರೋಗಿಗಳಿಂದ ಮತ್ತೆ ಮತ್ತೆ ನಲವತ್ತು ಚೀಟಿ ಎತ್ತಿ, ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುತ್ತಾ, ಪ್ರತಿ ಸಲವೂ ಕಪ್ಪಾ ಲೆಕ್ಕ ಹಾಕುವ ವಿಧಾನ ಇದು. ಅಂಕಿಅಂಶದ ಪ್ರೋಗ್ರಾಂ `R`ನಲ್ಲಿ ಇದಕ್ಕೆ ಯಾವ ಪ್ಯಾಕೇಜೂ ಬೇಡ:

```
kp <- function(a, b) {
  po <- mean(a == b)
  pe <- mean(a)*mean(b) + (1-mean(a))*(1-mean(b))
  (po - pe) / (1 - pe)
}
A <- rep(c(1,1,0,0), c(14,5,2,19))
B <- rep(c(1,0,1,0), c(14,5,2,19))
kp(A, B)
s <- replicate(2000, {
  i <- sample(40, replace = TRUE)
  kp(A[i], B[i])
})
quantile(s, c(.025, .975), na.rm = TRUE)
```

ಓಸಿಡಿಗೆ `A`, `B` ಎರಡರಲ್ಲೂ `c(14,5,2,19)` ಬದಲು `c(1,3,2,34)` ಹಾಕಿ. ಅಲ್ಲಿ ಇಬ್ಬರೂ ಒಪ್ಪಿದವರು ಒಬ್ಬರೇ ಇರುವುದರಿಂದ ಬೂಟ್‌ಸ್ಟ್ರ್ಯಾಪ್ ಕೂಡ ಪವಾಡ ಮಾಡುವುದಿಲ್ಲ. ಇಲ್ಲದ ಮಾಹಿತಿಯನ್ನು ಅದು ಎಲ್ಲಿಂದ ತರಬೇಕು?

ಪ್ರೋಗ್ರಾಂ ಕಪ್ಪಾದ ಜೊತೆ ಕೊಡುವ ಪಿ ಮೌಲ್ಯವನ್ನು ಬಿಟ್ಟುಬಿಡಿ. ಕಪ್ಪಾ ಸೊನ್ನೆ ಅಲ್ಲ ಎನ್ನುವುದಷ್ಟನ್ನೇ ಅದು ಹೇಳುತ್ತದೆ. ತರಬೇತಿ ಪಡೆದ ಇಬ್ಬರು ಅದೃಷ್ಟಕ್ಕಿಂತ ಸ್ವಲ್ಪ ಮೇಲಿದ್ದಾರೆ ಎಂದು ತಿಳಿದು ಯಾರಿಗೇನು ಉಪಯೋಗ?

ಇದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿದರೆ ಎಷ್ಟು ರೋಗಿಗಳು ಬೇಕು ಎಂಬುದೂ ಸಿಗುತ್ತದೆ. ನಮ್ಮ ಖಿನ್ನತೆಯ ಅಂಕಿಗಳೇ ಮುಂದುವರಿದರೆ, ಆಚೀಚೆ 0.15ರಷ್ಟು ಖಚಿತತೆಗೆ ಸುಮಾರು 100 ರೋಗಿಗಳು ಬೇಕು. 0.10ಕ್ಕೆ ಸುಮಾರು 226. ಒಂದು ತಾಲೂಕಿನ ಕ್ಲಿನಿಕ್‌ಗೆ ಎರಡನೆಯದು ಕಷ್ಟ, ಮೊದಲನೆಯದು ಎರಡು ಮೂರು ಊರು ಸೇರಿದರೆ ಆಗುವ ಕೆಲಸ.

‘ಪರವಾಗಿಲ್ಲ’, ‘ಚೆನ್ನಾಗಿದೆ’ ಎನ್ನುವ ಪಟ್ಟಿ

ಲ್ಯಾಂಡಿಸ್ ಮತ್ತು ಕಾಕ್ ಅವರ 1977ರ ಪಟ್ಟಿಯನ್ನು ಎಲ್ಲರೂ ಬಳಸುತ್ತಾರೆ. 0.41ರಿಂದ 0.60 ಮಧ್ಯಮ, 0.61ರಿಂದ 0.80 ಗಣನೀಯ, ಅದಕ್ಕೂ ಮೇಲೆ ಬಹುಪಾಲು ಪೂರ್ಣ. ಈ ಗೆರೆಗಳು ತಮ್ಮ ಅಂದಾಜಿನವು ಎಂದು ಅವರೇ ಬರೆದಿದ್ದರು. ನಮ್ಮ ಖಿನ್ನತೆಯ ಇಂಟರ್ವಲ್ ಮೂರು ಮನೆಗಳನ್ನೂ ಮುಟ್ಟುತ್ತದೆ, ಅಂದಮೇಲೆ ‘ಗಣನೀಯ’ ಎಂಬ ಒಂದೇ ಪದ ಬರೆದು ಮುಗಿಸುವುದು ಸರಿಯಲ್ಲ.

ಹೋಲಿಕೆಗೆ ಒಂದು ನಿಜವಾದ ಅಂಕಿ ಬೇಕಿದ್ದರೆ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರು ಬರೆದ ಕೈಪಿಡಿ ಡಿಎಸ್‌ಎಂ-5ರ ಕ್ಷೇತ್ರ ಪರೀಕ್ಷೆಗಳ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದೊಡ್ಡವರ ತೀವ್ರ ಖಿನ್ನತೆಗೆ ಅಲ್ಲಿ ಬಂದ ಕಪ್ಪಾ 0.28. ಅಲ್ಲಿ ಬೇರೆ ಬೇರೆ ವೈದ್ಯರು ಬೇರೆ ಬೇರೆ ಹೊತ್ತಿನಲ್ಲಿ, ತಮ್ಮ ಎಂದಿನ ರೀತಿಯಲ್ಲಿ ಮಾತಾಡಿಸಿದ್ದರು, ಸಿದ್ಧ ಸಂದರ್ಶನ ಬಳಸಿರಲಿಲ್ಲ. ನಮ್ಮ 0.65 ಅದಕ್ಕಿಂತ ಮೇಲು ಎಂದು ಬೀಗುವ ಹಾಗಿಲ್ಲ, ವಿಧಾನವೇ ಬೇರೆ.

ಇಬ್ಬರೂ ಹೇಗೆ ಕೂತಿದ್ದರು?

ಕಪ್ಪಾ ಎಷ್ಟು ಎನ್ನುವುದಕ್ಕಿಂತ ಮುಂಚೆ ನಾನು ಕೇಳುವ ಪ್ರಶ್ನೆ ಇದು. ಒಬ್ಬರು ಕೇಳಿ, ಇನ್ನೊಬ್ಬರು ಮೂಲೆಯಲ್ಲಿ ಕೂತು ಅದೇ ಉತ್ತರಕ್ಕೆ ಅಂಕ ಹಾಕಿದರೆ ಕಪ್ಪಾ ಮೇಲೇರುತ್ತದೆ. ಸಿದ್ಧ ಸಂದರ್ಶನದಲ್ಲಿ ಇನ್ನೂ ಒಂದು ಸೋರಿಕೆ ಇದೆ. ಖಿನ್ನತೆಯ ವಿಭಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಂದ ಶುರುವಾಗುತ್ತದೆ, ಎರಡು ವಾರದಿಂದ ಬೇಸರ ಇದೆಯಾ, ಆಸಕ್ತಿ ಹೋಗಿದೆಯಾ ಎಂದು. ಎರಡಕ್ಕೂ ‘ಇಲ್ಲ’ ಬಂದರೆ ಸಂದರ್ಶಕರು ಪುಟ ತಿರುವಿ ಮುಂದಿನ ವಿಭಾಗಕ್ಕೆ ಹೋಗುತ್ತಾರೆ. ಆ ಪುಟ ತಿರುವಿದ ಸದ್ದು ಕೇಳಿದರೆ ಸಾಕು, ಮೂಲೆಯಲ್ಲಿ ಕೂತವರಿಗೆ ಉತ್ತರ ಗೊತ್ತಾಗಿಬಿಡುತ್ತದೆ. ಅಂಥ ಹೊಂದಾಣಿಕೆ ಲೆಕ್ಕಕ್ಕೆ ಬರಬಾರದು.

ನಮ್ಮ ಸೈಕಾಲಜಿಸ್ಟ್ ಬುದ್ಧಿವಂತಿಕೆಯಿಂದ ಬೇರೆ ಬೇರೆಯಾಗಿಯೇ ಮಾಡಿಸಿದ್ದರು. ಅಂಕೋಲಾ, ಮಾಜಾಳಿ ಕಡೆಯಿಂದ ಬಂದವರನ್ನು ಮಾರನೆಯ ದಿನ ಮತ್ತೆ ಕರೆಸುವುದು ಆಗದ ಮಾತು. ಅದಕ್ಕೆ ಬೆಳಿಗ್ಗೆ ಒಬ್ಬರು, ಊಟವಾದ ಮೇಲೆ ಇನ್ನೊಬ್ಬರು. ಯಾರು ಮೊದಲು ಎನ್ನುವುದನ್ನು ರೋಗಿಯಿಂದ ರೋಗಿಗೆ ಬದಲಿಸಿದ್ದರು. ಈ ಕೊನೆಯ ವಿಷಯ ನಮ್ಮನ್ನು ಕಾಪಾಡಿತು.

ಖಿನ್ನತೆಯ ಪಟ್ಟಿಯಲ್ಲಿ ಎ 5 ಜನರಿಗೆ ಒಬ್ಬರೇ ‘ಇದೆ’ ಎಂದಿದ್ದಾರೆ, ಬಿ 2 ಜನರಿಗೆ. ಎ ಸ್ವಲ್ಪ ಧಾರಾಳಿ ಅನಿಸುತ್ತದೆ, ಅಲ್ವಾ? ಏಳೂ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಸಮಯ ನೋಡಿದೆವು. ಏಳರಲ್ಲಿ ಆರರಲ್ಲಿ ‘ಇದೆ’ ಬಂದಿದ್ದು ಬೆಳಿಗ್ಗೆ, ‘ಇಲ್ಲ’ ಬಂದಿದ್ದು ಮಧ್ಯಾಹ್ನ, ಸಂದರ್ಶಕರು ಯಾರೇ ಇರಲಿ. ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದಾಗ ಜನ ‘ಹೌದು’ ಎನ್ನುವುದು ಕಡಿಮೆಯಾಗುತ್ತದೆ. ‘ಹೌದು’ ಎಂದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತವೆ ಎಂದು ಅವರಿಗೆ ಅಷ್ಟರಲ್ಲಿ ಗೊತ್ತಾಗಿರುತ್ತದೆ, ಒಮ್ಮೆ ಹೇಳಿ ಮನಸ್ಸೂ ಹಗುರವಾಗಿರುತ್ತದೆ. ಏಳೇ ಹಾಳೆಗಳಿಂದ ಇದನ್ನು ಸಾಬೀತು ಮಾಡಲು ಆಗುವುದಿಲ್ಲ. ಆದರೆ ಎ ಅವರಿಗೆ ಮತ್ತೆ ತರಬೇತಿ ಕೊಡಬೇಕು ಎಂಬ ತೀರ್ಮಾನಕ್ಕೆ ಓಡದ ಹಾಗೆ ಅದು ತಡೆಯಿತು.

ಜಗಳದ ಹಾಳೆಗಳನ್ನು ಓದಿ

ಏಳರಲ್ಲಿ ಒಂದು ಹಾಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಂದರಿನಲ್ಲಿ ಟ್ರಾಲರ್ ಮೇಲೆ ಕೆಲಸ ಮಾಡುವ ನಡುವಯಸ್ಸಿನ ಮೀನುಗಾರ. ಜುಲೈ ತಿಂಗಳು. ‘ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯಾ?’ ಎಂಬ ಪ್ರಶ್ನೆ. ಎ ಬರೆದುಕೊಂಡ ಉತ್ತರ: “ದೋಣಿಗೆ ಹೋಗ್ತಾ ಇಲ್ಲ, ಮನೇಲೇ ಕೂತಿರ್ತೇನೆ.” ಗುರುತು ‘ಹೌದು’. ಬಿ ಬರೆದುಕೊಂಡಿದ್ದು: “ದೋಣಿ ಬಂದ್ ಅಲ್ವಾ ಈಗ.” ಗುರುತು ‘ಇಲ್ಲ’.

ಇಬ್ಬರೂ ಪೂರ್ತಿ ಸರಿಯಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ದೋಣಿಗೆ ಹೋಗದಿರುವುದು ಖಿನ್ನತೆಯ ಲಕ್ಷಣವಲ್ಲ. ಹಾಗೆಂದು ನಿಷೇಧ ಇದೆ ಎಂಬ ಕಾರಣಕ್ಕೆ ಆಸಕ್ತಿ ಉಳಿದಿದೆ ಎಂದೂ ಅಲ್ಲ. ಎ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲಿತ್ತು: “ಬಲೆ ಹೊಲಿಯೋಕೂ ಮನಸ್ಸಾಗೋದಿಲ್ಲ.” ಈ ತಿಂಗಳಲ್ಲಿ ಅವರು ಮಾಡುವ ಕೆಲಸವೇ ಬಲೆ ರಿಪೇರಿ. ಕೇಳಬೇಕಾಗಿದ್ದು ಅದನ್ನು.

ಉಳಿದ ಆರರಲ್ಲಿ ಮೂರು ಇದೇ ಪ್ರಶ್ನೆಯದ್ದು. ಅವರೆಲ್ಲ ಮನೆಯಲ್ಲಿ ಕೊಂಕಣಿ ಆಡುವವರು. ಕನ್ನಡದ ಪ್ರಶ್ನೆ ಅರ್ಥವಾಗದಾಗ ಇಬ್ಬರು ಸಂದರ್ಶಕರೂ ಅಲ್ಲೇ ಬಾಯಿಮಾತಿನಲ್ಲಿ ಕೊಂಕಣಿಗೆ ತಿರುಗಿಸಿದ್ದರು, ಅವರವರ ರೀತಿಯಲ್ಲಿ. ಅಂದರೆ ಒಂದೇ ಪ್ರಶ್ನೆ ಇರಲೇ ಇಲ್ಲ, ಎರಡಿತ್ತು. ಇನ್ನೆರಡು ‘ಎರಡು ವಾರ’ ಎನ್ನುವ ಲೆಕ್ಕದ್ದು, ಕೊನೆಯದು ಕೆಲಸಕ್ಕೆ ತೊಂದರೆಯಾಗಿದೆಯೇ ಎನ್ನುವುದರದ್ದು.

ಇದರಿಂದ ನಾವು ಸಂದರ್ಶಕರ ಕೈಪಿಡಿಗೆ ಎರಡು ಸಾಲು ಸೇರಿಸಿದೆವು. ಆಸಕ್ತಿಯ ಪ್ರಶ್ನೆಗೆ ಮುಂಚೆ ‘ಈ ತಿಂಗಳಲ್ಲಿ ನೀವು ಸಾಮಾನ್ಯವಾಗಿ ಏನು ಮಾಡುತ್ತೀರಿ?’ ಎಂದು ಕೇಳಬೇಕು. ಕೊಂಕಣಿ ಪ್ರಶ್ನೆ ಕಾಗದದ ಮೇಲೆ ಬರೆದಿರಬೇಕು, ಇಬ್ಬರೂ ಅದನ್ನೇ ಓದಬೇಕು. ಒಂದು ಎಚ್ಚರಿಕೆ: ಕೈಪಿಡಿ ತಿದ್ದಿದ ಮೇಲೆ ಹಳೆಯ ನಲವತ್ತು ಹಾಳೆಗಳಿಗೆ ಮತ್ತೆ ಅಂಕ ಹಾಕಿ ‘ಕಪ್ಪಾ ಏರಿತು’ ಎನ್ನುವ ಹಾಗಿಲ್ಲ. ಕೂತು ಮಾತಾಡಿ ಒಪ್ಪಿದ ಉತ್ತರಗಳೂ ಲೆಕ್ಕಕ್ಕೆ ಬೇಡ. ಹೊಸ ರೋಗಿಗಳೇ ಬೇಕು.

ಓಸಿಡಿಗೆ ಏನು ಮಾಡುವುದು

ಫಾಲೋಅಪ್‌ಗೆ ಬರುವ, ಓಸಿಡಿ ಇದೆ ಎಂದು ಮೊದಲೇ ಗೊತ್ತಿರುವ ರೋಗಿಗಳನ್ನು ಸೇರಿಸಬಹುದು. ‘ಇದೆ’ಯ ಮನೆ ತುಂಬುತ್ತದೆ, ಅಂಕಿ ನಿಲ್ಲುತ್ತದೆ. ಆದರೆ ತೀರಾ ಎದ್ದು ಕಾಣುವ ರೋಗಿಗಳನ್ನೂ, ಏನೂ ಇಲ್ಲದ ಅವರ ಜೊತೆಗಾರರನ್ನೂ ಮಾತ್ರ ಸೇರಿಸಿದರೆ ಕಪ್ಪಾ ಸುಳ್ಳೇ ಏರುತ್ತದೆ, ಏಕೆಂದರೆ ಜಗಳ ಹುಟ್ಟುವುದೇ ನಡುವಿನವರಲ್ಲಿ. ಸೌಮ್ಯವಾಗಿರುವವರನ್ನೂ, ಓಸಿಡಿಯಂತೆ ಕಾಣುವ ಆತಂಕದವರನ್ನೂ ತನ್ನಿ. ಯಾರಿಗೆ ಏನಿದೆ ಎಂದು ಸಂದರ್ಶಕರಿಗೆ ತಿಳಿಯಬಾರದು. ಹೀಗೆ ಸೇರಿಸಿದ್ದೇವೆ ಎಂದು ವರದಿಯಲ್ಲಿ ಹೇಳಿ, ಈ ಕಪ್ಪಾವನ್ನು ಮಾಮೂಲಿ ಒಪಿಡಿಯ ಕಪ್ಪಾ ಎಂದು ತೋರಿಸಬೇಡಿ. ಎಲ್ಲ ಕಾಯಿಲೆಗಳ ಕಪ್ಪಾ ಸೇರಿಸಿ ಸರಾಸರಿ ತೆಗೆಯುವುದಂತೂ ಬೇಡವೇ ಬೇಡ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಇಬ್ಬರೂ ಹೊಂದಿದರು ಎಂದರೆ ಇಬ್ಬರೂ ಸರಿ ಎಂದಲ್ಲ. ಆ ಮೀನುಗಾರನಿಗೆ ಇಬ್ಬರೂ ‘ಇಲ್ಲ’ ಎಂದಿದ್ದರೆ ಕಪ್ಪಾ ಏರುತ್ತಿತ್ತು, ಅವರ ಖಿನ್ನತೆ ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಂದರ್ಶನ ಸರಿಯಾದ ಕಾಯಿಲೆಯನ್ನು ಹಿಡಿಯುತ್ತದೆಯೇ ಎಂದು ನೋಡಲು ಅನುಭವಿ ಮನೋವೈದ್ಯರ ಪೂರ್ಣ ಪರೀಕ್ಷೆಯ ಜೊತೆ ಹೋಲಿಸಬೇಕು. ಅದು ಬೇರೆ ಹಂತ, ಬೇರೆ ಲೆಕ್ಕ.

ವರದಿಯಲ್ಲಿ ಹೀಗೆ ಬರೆದೆವು

“ಇಬ್ಬರು ಸಂದರ್ಶಕರು 40 ಒಪಿಡಿ ರೋಗಿಗಳನ್ನು ಒಂದೇ ದಿನ, ಪರಸ್ಪರ ಉತ್ತರ ತಿಳಿಯದೆ, ಸರದಿ ಬದಲಿಸುತ್ತಾ ಬೇರೆ ಬೇರೆಯಾಗಿ ಸಂದರ್ಶಿಸಿದರು. ಖಿನ್ನತೆ: ಇಬ್ಬರೂ ‘ಇದೆ’ 14, ಇಬ್ಬರೂ ‘ಇಲ್ಲ’ 19, ಭಿನ್ನ 5 ಮತ್ತು 2. ಕಪ್ಪಾ 0.65, ಇಂಟರ್ವಲ್ 0.41–0.88. ‘ಇದೆ’ಯ ಹೊಂದಾಣಿಕೆ 0.80, ‘ಇಲ್ಲ’ದ್ದು 0.84. ಭಿನ್ನವಾದ 7ರಲ್ಲಿ 4 ಆಸಕ್ತಿಯ ಪ್ರಶ್ನೆಯವು, 6ರಲ್ಲಿ ‘ಇದೆ’ ಮೊದಲ ಸಂದರ್ಶನದಲ್ಲಿ ಬಂದಿದೆ. ಓಸಿಡಿ: 1, 34, 3 ಮತ್ತು 2. ‘ಇದೆ’ಯ ಹೊಂದಾಣಿಕೆ 0.29. ಕಪ್ಪಾ 0.22, ಇಂಟರ್ವಲ್ −0.42ರಿಂದ 0.86. ರೋಗಿಗಳ ಸಂಖ್ಯೆ ಸಾಲದ ಕಾರಣ ಓಸಿಡಿ ವಿಭಾಗದ ಬಗ್ಗೆ ತೀರ್ಮಾನ ಕೊಟ್ಟಿಲ್ಲ.”

ಕೊನೆಯ ಸಾಲು ಬರೆಯಲು ಅವರಿಗೆ ಮನಸ್ಸಿರಲಿಲ್ಲ, ಗೈಡ್ ಏನೆನ್ನುತ್ತಾರೋ ಎಂಬ ಅಳುಕು. ಒಂದು ದಿನ ಯೋಚಿಸಿ, ಬರೆದರು. ಹೊಸ ಕೈಪಿಡಿ ಹಿಡಿದು ಎರಡನೇ ಸುತ್ತನ್ನು ಆಗಸ್ಟ್‌ನಲ್ಲಿ, ದೋಣಿಗಳು ಮತ್ತೆ ಕಡಲಿಗೆ ಇಳಿದ ಮೇಲೆ ಶುರು ಮಾಡಿದರು.